ವಿಶ್ವಾಸಮುದ್ರೆಗಳ ನಕಲು: ಅಪರಿಚಿತ ಆನ್‌ಲೈನ್ ಅಂಗಡಿಗಳ ಸುರಕ್ಷತಾ ಸೀಲುಗಳು

ಆನ್‌ಲೈನ್ ಅಂಗಡಿಯ ಪುಟದ ತಳದಲ್ಲೋ ಹಣ ಕಟ್ಟುವ ಬಟನ್ನಿನ ಕೆಳಗೋ ಸಾಲಾಗಿ ಕಾಣುವ ಬೀಗ, ಗುರಾಣಿ, ಹಸಿರು ಟಿಕ್, ‘100% ಸುರಕ್ಷಿತ ಪಾವತಿ’ ಎಂಬ ಬರಹ, ಹೆಸರಾಂತ ಭದ್ರತಾ ಕಂಪನಿಗಳ ಲಾಂಛನ ಇವೆಲ್ಲ ವಿಶ್ವಾಸಮುದ್ರೆಗಳು. ವ್ಯಾಪಾರಿಗಳ ಬಾಯಲ್ಲಿ ಇವು ಟ್ರಸ್ಟ್ ಬ್ಯಾಡ್ಜ್ ಅಥವಾ ಸೀಲ್. ಅಂಗಡಿಗೂ ಗಿರಾಕಿಗೂ ಸೇರದ ಮೂರನೆಯ ಸಂಸ್ಥೆಯೊಂದು ಅಂಗಡಿಯನ್ನು ಪರೀಕ್ಷಿಸಿ ಕೊಟ್ಟದ್ದಾದರೆ ಮುದ್ರೆ ಅಸಲಿ. ಅಂಥ ಪರೀಕ್ಷೆಗೆ ಒಳಪಡದ ಅಂಗಡಿ ಅದರ ಚಿತ್ರವನ್ನು ಎಲ್ಲಿಂದಲೋ ಎತ್ತಿ ತನ್ನ ಪುಟದಲ್ಲಿ ಹಾಕಿಕೊಂಡರೆ ಅದು ನಕಲಿ. ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕಬೇಕಾದರೆ ಯಂತ್ರ ಬೇಕು, ಕೇಂದ್ರ ಬೇಕು. ಇಲ್ಲಿ ಮೌಸ್‌ನ ಬಲಗುಂಡಿ ಒತ್ತಿ ಚಿತ್ರವನ್ನು ಉಳಿಸಿಕೊಂಡರೆ ಕೆಲಸ ಮುಗಿಯಿತು. ಅಸಲಿಗೂ ನಕಲಿಗೂ ಒಂದು ಪಿಕ್ಸೆಲ್‌ನ ವ್ಯತ್ಯಾಸವೂ ಇರುವುದಿಲ್ಲ. ಆದ್ದರಿಂದ ಚಿತ್ರವನ್ನು ದಿಟ್ಟಿಸಿ ನೋಡಿ ನಕಲಿಯನ್ನು ಹಿಡಿಯುವ ಉಪಾಯ ಈ ಕ್ಷೇತ್ರದಲ್ಲಿ ನಡೆಯುವುದಿಲ್ಲ. ಅಸಲಿತನ ಇರುವುದು ಚಿತ್ರದ ಹಿಂದಿನ ಕೊಂಡಿಯಲ್ಲಿ, ಆ ಕೊಂಡಿ ತಲುಪಿಸುವ ದಾಖಲೆಯಲ್ಲಿ.

ಮೂರು ಬಗೆಯ ಗುರುತುಗಳು ಒಂದೇ ಸಾಲಿನಲ್ಲಿ ಬೆರೆತು ನಿಲ್ಲುವುದರಿಂದ ಗೊಂದಲ ಹುಟ್ಟುತ್ತದೆ. ಮೊದಲನೆಯದು ನಿಜವಾದ ಪ್ರಮಾಣೀಕರಣದ ಮುದ್ರೆ. ಜರ್ಮನಿಯ ಟ್ರಸ್ಟೆಡ್ ಶಾಪ್ಸ್, ಅಮೆರಿಕದ ಬೆಟರ್ ಬಿಸಿನೆಸ್ ಬ್ಯೂರೊ (ಬಿಬಿಬಿ), ಡಿಜಿಸರ್ಟ್‌ನಂಥ ಸರ್ಟಿಫಿಕೇಟ್ ಕಂಪನಿಗಳು ಕೊಡುವ ಮುದ್ರೆಗಳು ಈ ಗುಂಪಿನವು. ಎರಡನೆಯದು ಪಾವತಿ ಲಾಂಛನಗಳ ಪಟ್ಟಿ: ವೀಸಾ, ಮಾಸ್ಟರ್‌ಕಾರ್ಡ್, ರುಪೇ, ಯುಪಿಐ. ‘ಈ ಕಾರ್ಡು ಇಲ್ಲಿ ನಡೆಯುತ್ತದೆ’ ಎಂಬುದಷ್ಟೇ ಇವುಗಳ ಅರ್ಥ. ಅಂಗಡಿಯವನು ಎಂಥವನು ಎಂದು ವೀಸಾ ಕಂಪನಿ ಆ ಲಾಂಛನದ ಮೂಲಕ ಏನನ್ನೂ ಹೇಳುತ್ತಿಲ್ಲ. ಮೂರನೆಯದು ಯಾರದೂ ಅಲ್ಲದ ಮುದ್ರೆ: ‘ಸೇಫ್ ಚೆಕ್‌ಔಟ್’, ‘ವೆರಿಫೈಡ್ ಸೆಲ್ಲರ್’, ‘ಮನಿ ಬ್ಯಾಕ್ ಗ್ಯಾರಂಟಿ’ ಎಂದು ಬಂಗಾರದ ವೃತ್ತದೊಳಗೆ ಬರೆದ ಚಿತ್ರಗಳು. ಇವುಗಳ ಹಿಂದೆ ಸಂಸ್ಥೆಯಿಲ್ಲ, ಪರೀಕ್ಷೆಯಿಲ್ಲ, ವಾರಸುದಾರರಿಲ್ಲ. ಅಸಲಿಯೇ ಇಲ್ಲದ ಮೇಲೆ ಇವನ್ನು ನಕಲಿ ಎನ್ನುವುದೂ ಕಷ್ಟ. ಆದರೆ ಗಿರಾಕಿಯ ಕಣ್ಣಿಗೆ ಮೂರೂ ಒಂದೇ ತೂಕದವು. ಮೋಸದ ಅಂಗಡಿ ಕಟ್ಟುವವರು ನೆಚ್ಚಿಕೊಂಡಿರುವುದು ಇದನ್ನೇ.

ಮುದ್ರೆಗಳು ಬಂದ ದಾರಿ

1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಜಾಲತಾಣಗಳ ಮೂಲಕ ವ್ಯಾಪಾರ ಶುರುವಾದಾಗ, ಕಾಣದ ಅಂಗಡಿಗೆ ಕಾರ್ಡಿನ ಸಂಖ್ಯೆ ಕೊಡಲು ಜನ ಹಿಂಜರಿದರು. ಆ ಹಿಂಜರಿಕೆಗೆ ಮದ್ದಾಗಿ 1997ರಲ್ಲಿ ಟ್ರಸ್ಟ್‌-ಇ ಎಂಬ ಸಂಸ್ಥೆ ಹುಟ್ಟಿತು. ತಾಣದ ಖಾಸಗಿತನದ ನೀತಿಯನ್ನು ಓದಿ, ಒಪ್ಪಿಗೆಯಾದರೆ ಮುದ್ರೆ ಕೊಡುವುದು ಅದರ ಕೆಲಸ. ಅದೇ ಹೊತ್ತಿಗೆ ವೆರಿಸೈನ್ ಕಂಪನಿ ತನ್ನ ಎಸ್ಎಸ್ಎಲ್ ಸರ್ಟಿಫಿಕೇಟ್ ಕೊಂಡ ತಾಣಗಳಿಗೆ ಹಾಕಿಕೊಳ್ಳಲು ಸೀಲು ಕೊಡುತ್ತಿತ್ತು. 2010ರಲ್ಲಿ ವೆರಿಸೈನ್‌ನ ಈ ವಿಭಾಗವನ್ನು ಸಿಮ್ಯಾಂಟೆಕ್ ಕೊಂಡಿತು. 2012ರಲ್ಲಿ ವೆರಿಸೈನ್ ಟಿಕ್ ಗುರುತಿಗೆ ನಾರ್ಟನ್ ಹೆಸರು ಜೋಡಿಸಲಾಯಿತು. 2017ರಲ್ಲಿ ಆ ವ್ಯವಹಾರ ಡಿಜಿಸರ್ಟ್ ಕೈಗೆ ಹೋಯಿತು. ‘ಹ್ಯಾಕರ್ ಸೇಫ್’ ಎಂಬ ಇನ್ನೊಂದು ಸೀಲು ಮ್ಯಾಕಫಿ ಕಂಪನಿಯ ಪಾಲಾಗಿ ‘ಮ್ಯಾಕಫಿ ಸೆಕ್ಯೂರ್’ ಆಯಿತು, ಆಮೇಲೆ ಟ್ರಸ್ಟೆಡ್‌ಸೈಟ್ ಆಯಿತು.

ಈ ಕೈಬದಲಾವಣೆಗಳು ನಕಲು ಹಿಡಿಯುವವರಿಗೆ ನೆರವಾಗುತ್ತವೆ. ನಿನ್ನೆ ಮೊನ್ನೆ ತೆರೆದ ಅಂಗಡಿಯ ಪುಟದಲ್ಲಿ ‘ವೆರಿಸೈನ್ ಸೆಕ್ಯೂರ್ಡ್’ ಮುದ್ರೆ ಇದ್ದರೆ ಅದು ನಕಲೆಂದು ಕಣ್ಣುಮುಚ್ಚಿ ಹೇಳಬಹುದು, ಏಕೆಂದರೆ ಅದನ್ನು ಕೊಡುವವರು ನಿಲ್ಲಿಸಿ ವರ್ಷಗಳಾದವು. ಆದರೂ ಹಳೆಯ ಮುದ್ರೆಗಳು ಹೊಸ ಪುಟಗಳಲ್ಲಿ ಬದುಕಿಯೇ ಇವೆ. ಒಬ್ಬರು ಕದ್ದದ್ದನ್ನು ಮತ್ತೊಬ್ಬರು ಕದಿಯುತ್ತಾರೆ, ಮೂಲದಲ್ಲಿ ಏನಾಯಿತು ಎಂದು ಯಾರೂ ನೋಡುವುದಿಲ್ಲ.

ಬಳಕೆದಾರರ ಅನುಭವವನ್ನು ಅಧ್ಯಯನ ಮಾಡುವ ಬೇಮಾರ್ಡ್ ಸಂಸ್ಥೆ 2013ರಲ್ಲಿ ಯಾವ ಸೀಲು ಕಂಡರೆ ಹೆಚ್ಚು ನಂಬಿಕೆ ಬರುತ್ತದೆ ಎಂದು ಅಮೆರಿಕದ ಜನರನ್ನು ಕೇಳಿತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ನಾರ್ಟನ್ ಅಂದರು. ಮನೆಯ ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಆಗಿ ಆ ಹೆಸರು ಪರಿಚಿತ, ಅದರಿಂದ ನಂಬಿಕೆ. ಸೀಲಿನ ಹಿಂದಿನ ಪರೀಕ್ಷೆ ಏನೆಂದು ತಿಳಿದು ಬಂದ ನಂಬಿಕೆ ಅದಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೆಯೇ ಕಂಡುಬಂತು. ಪಾಲ್ಗೊಂಡವರಲ್ಲಿ ಬಹಳ ಮಂದಿ ಸೀಲನ್ನು ಗಮನಿಸಲಿಲ್ಲ, ಗಮನಿಸಿದವರಲ್ಲಿ ಹಲವರು ಅದರ ಅರ್ಥವನ್ನು ತಪ್ಪಾಗಿ ತಿಳಿದಿದ್ದರು. ಒತ್ತಿ ನೋಡುವವರೇ ಅಪರೂಪವಾದಲ್ಲಿ ಒತ್ತಿದರೆ ತೆರೆಯದ ಮುದ್ರೆಯೂ ನಡೆದುಹೋಗುತ್ತದೆ.

ಅಸಲಿ ಮುದ್ರೆ ಕೆಲಸ ಮಾಡುವ ಬಗೆ

ಅಸಲಿ ಮುದ್ರೆಯ ಚಿತ್ರ ಸಾಮಾನ್ಯವಾಗಿ ಅಂಗಡಿಯ ಸರ್ವರಿನಲ್ಲಿ ಇರುವುದಿಲ್ಲ. ಮುದ್ರೆ ಕೊಟ್ಟ ಸಂಸ್ಥೆ ಒಂದು ತುಂಡು ಕೋಡ್ ಕೊಡುತ್ತದೆ, ಅಂಗಡಿಯವರು ಅದನ್ನು ಪುಟದಲ್ಲಿ ಸೇರಿಸುತ್ತಾರೆ. ಗಿರಾಕಿ ಪುಟ ತೆರೆದಾಗ ಆ ಕೋಡು ಸಂಸ್ಥೆಯ ಸರ್ವರನ್ನು ಕೇಳುತ್ತದೆ: ಈ ವಿಳಾಸದ ಅಂಗಡಿ ನಿಮ್ಮ ಪಟ್ಟಿಯಲ್ಲಿ ಇದೆಯೇ, ಅವಧಿ ಮುಗಿದಿಲ್ಲವೇ? ಇದ್ದರೆ ಮುದ್ರೆ ಮೂಡುತ್ತದೆ, ಇಲ್ಲದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ಮುದ್ರೆಯನ್ನು ಒತ್ತಿದರೆ ಸಂಸ್ಥೆಯ ಸ್ವಂತ ತಾಣದಲ್ಲಿ ಒಂದು ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ಅಂಗಡಿಯ ಹೆಸರು, ವಿಳಾಸ, ಪ್ರಮಾಣಪತ್ರ ಈಗಲೂ ಚಾಲ್ತಿಯಲ್ಲಿದೆಯೇ ಎಂಬ ವಿವರ ಇರುತ್ತದೆ. ಟ್ರಸ್ಟೆಡ್ ಶಾಪ್ಸ್ ಹಾಗೂ ಬಿಬಿಬಿ ಎರಡೂ ಈ ಕ್ರಮದವು.

ಪುಟದ ಮೂಲಸಂಕೇತದಲ್ಲಿ ವ್ಯತ್ಯಾಸ ಹೀಗೆ ಕಾಣುತ್ತದೆ. ಇಲ್ಲಿನ ವಿಳಾಸಗಳು ಮಾದರಿಯವು:

```html
<!-- ಅಸಲಿ ರೀತಿ -->
<a href="https://seal.example.org/verify?site=shop.example.com">
  <img src="https://seal.example.org/img?site=shop.example.com">
</a>

<!-- ನಕಲು ರೀತಿ -->
<img src="/files/trust-badges.png" alt="Safe Checkout">
```

ಮೊದಲನೆಯದರಲ್ಲಿ ಚಿತ್ರವೂ ಕೊಂಡಿಯೂ ಬೇರೆಯವರ ತಾಣದಿಂದ ಬರುತ್ತವೆ, ಅಂಗಡಿಯ ವಿಳಾಸ ಪ್ರಶ್ನೆಯ ರೂಪದಲ್ಲಿ ಅಲ್ಲಿಗೆ ಹೋಗುತ್ತದೆ. ಎರಡನೆಯದು ಅಂಗಡಿಯವನದೇ ಕಡತ. ಎಂಟು ಹತ್ತು ಮುದ್ರೆಗಳು ಒಂದೇ ಚಿತ್ರದೊಳಗೆ ಸಾಲಾಗಿ ಅಚ್ಚಾಗಿರುವುದು ನಕಲಿನ ಅತಿ ಸಾಮಾನ್ಯ ರೂಪ. ಇದನ್ನು ಕಾಣಲು ಮೂಲಸಂಕೇತ ಓದಬೇಕೆಂದೇನೂ ಇಲ್ಲ. ಮೊಬೈಲಿನಲ್ಲಿ ಮುದ್ರೆಯ ಮೇಲೆ ಬೆರಳು ಒತ್ತಿ ಹಿಡಿದರೆ ಇಡೀ ಪಟ್ಟಿ ಒಂದೇ ಚಿತ್ರವಾಗಿ ಎದ್ದು ಬರುತ್ತದೆ, ‘ಚಿತ್ರ ಉಳಿಸಿ’ ಎಂಬ ಆಯ್ಕೆ ಬರುತ್ತದೆ, ‘ಲಿಂಕ್ ತೆರೆಯಿರಿ’ ಎಂಬುದು ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಇಂಥ ಚಿತ್ರವಿದ್ದ ಮಾತ್ರಕ್ಕೆ ಅಂಗಡಿ ಮೋಸದ್ದೆಂದು ತೀರ್ಪು ಕೊಡಲಾಗದು. ರೆಡಿಮೇಡ್ ಅಂಗಡಿ ಕಟ್ಟಿಕೊಡುವ ವೇದಿಕೆಗಳಿಗೆ ಟ್ರಸ್ಟ್ ಬ್ಯಾಡ್ಜ್ ಆ್ಯಪುಗಳು ಬಿಟ್ಟಿಯಾಗಿ ಸಿಗುತ್ತವೆ, ಪುಟದ ವಿನ್ಯಾಸದ ಜೊತೆಯಲ್ಲೇ ಅಂಥ ಪಟ್ಟಿ ಬರುವುದೂ ಉಂಟು. ಉಪ್ಪಿನಕಾಯಿ ಮಾರುವ ಪ್ರಾಮಾಣಿಕ ಗೃಹಿಣಿಯೂ ‘ಮಾರಾಟ ಹೆಚ್ಚುತ್ತದೆ’ ಎಂಬ ಸಲಹೆ ನಂಬಿ ಅದನ್ನು ಹಾಕಿರಬಹುದು. ಅಂಥ ಚಿತ್ರಕ್ಕೆ ಸೊನ್ನೆ ಅಂಕ ಕೊಡುವುದು ನ್ಯಾಯ, ಋಣ ಅಂಕ ಕೊಡುವುದು ಅನ್ಯಾಯ. ಹೆಸರಾಂತ ಸಂಸ್ಥೆಯೊಂದರ ಪ್ರಮಾಣೀಕರಣ ಮುದ್ರೆಯನ್ನೇ ಎತ್ತಿ ಹಾಕಿಕೊಂಡಿದ್ದರೆ ಮಾತ್ರ ವಿಷಯ ಬೇರೆ. ಅಲ್ಲಿ ಮಾಡದ ಪರೀಕ್ಷೆಯನ್ನು ಮಾಡಿಸಿಕೊಂಡೆ ಎಂಬ ನೇರ ಸುಳ್ಳಿದೆ.

ನಕಲಿನ ಮಟ್ಟಗಳು

ಒತ್ತಿದರೆ ಏನೂ ಆಗದ ಚಿತ್ರ ಎಲ್ಲಕ್ಕಿಂತ ಕೆಳಗಿನ ಮಟ್ಟದ್ದು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಒತ್ತಿದರೆ ಮುದ್ರೆ ಕೊಡುವ ಸಂಸ್ಥೆಯ ಮುಖಪುಟಕ್ಕೆ ಹೋಗುವ ಕೊಂಡಿ ಇರುತ್ತದೆ. ಸಂಸ್ಥೆಯ ತಾಣ ಅಸಲಿಯೇ, ಆದರೆ ಆ ಮುಖಪುಟದಲ್ಲಿ ಈ ಅಂಗಡಿಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಬ್ಯಾಂಕಿನ ಬಾಗಿಲವರೆಗೆ ಕರೆದೊಯ್ದು ‘ನನ್ನ ಖಾತೆ ಇಲ್ಲೇ ಇದೆ’ ಎಂದಂತೆ.

ಇನ್ನೂ ಜಾಣತನದ್ದೆಂದರೆ ಬೇರೆ ಅಂಗಡಿಯ ಅಸಲಿ ಪ್ರಮಾಣಪತ್ರಕ್ಕೆ ಕೊಂಡಿ ಹಾಕುವುದು. ಒತ್ತಿದವರಿಗೆ ವಿಳಾಸಪಟ್ಟಿಯಲ್ಲಿ ಸಂಸ್ಥೆಯ ನಿಜವಾದ ಡೊಮೇನ್ ಕಾಣುತ್ತದೆ, ಹಸಿರು ಟಿಕ್ ಕಾಣುತ್ತದೆ, ಚಾಲ್ತಿಯಲ್ಲಿದೆ ಎಂಬ ಬರಹವೂ ಕಾಣುತ್ತದೆ. ಎಲ್ಲವೂ ಸತ್ಯ, ಆದರೆ ಇನ್ನೊಬ್ಬರ ಅಂಗಡಿಯ ಮಟ್ಟಿಗೆ. ಎಚ್ಚರಿಕೆಯಿಂದ ಮುದ್ರೆ ಒತ್ತಿ ನೋಡುವವರೂ ಎಡವುವುದು ಇಲ್ಲಿಯೇ: ಪುಟ ತೆರೆಯಿತೆಂಬ ಸಮಾಧಾನದಲ್ಲಿ ಅದರಲ್ಲಿರುವ ಅಂಗಡಿಯ ಹೆಸರನ್ನು ಓದುವುದಿಲ್ಲ. ಪ್ರಮಾಣಪತ್ರದ ಪುಟದಲ್ಲಿ ಬರೆದಿರುವ ವಿಳಾಸಕ್ಕೂ ತಾವು ಸಾಮಾನು ಆರಿಸಿದ ಪುಟದ ವಿಳಾಸಕ್ಕೂ ಅಕ್ಷರ ಅಕ್ಷರ ತಾಳೆಯಾಗಬೇಕು. ಮಧ್ಯೆ ಒಂದು ಅಡ್ಡಗೆರೆ ಹೆಚ್ಚಿದ್ದರೂ, ಕೊನೆಯಲ್ಲಿ .com ಬದಲು .shop ಇದ್ದರೂ ಅದು ಬೇರೆ ಅಂಗಡಿ.

ಕೊನೆಯ ಮಟ್ಟದಲ್ಲಿ ಪರಿಶೀಲನೆಯ ಪುಟವನ್ನೇ ನಕಲು ಮಾಡುತ್ತಾರೆ. ಒತ್ತಿದಾಗ ಸಣ್ಣ ಕಿಟಕಿಯೊಂದು ತೆರೆದು ಇಂದಿನ ದಿನಾಂಕದೊಂದಿಗೆ ‘ಪರಿಶೀಲಿಸಲಾಗಿದೆ’ ಎನ್ನುತ್ತದೆ. ಆ ಕಿಟಕಿ ಅಂಗಡಿಯ ಡೊಮೇನಿನಲ್ಲೇ ಇರುತ್ತದೆ, ಇಲ್ಲವೇ ಸಂಸ್ಥೆಯ ಹೆಸರನ್ನು ಹೋಲುವ ಬೇರೆ ಡೊಮೇನಿನಲ್ಲಿ. ಕಿಟಕಿಯೊಳಗೆ ವಿಳಾಸಪಟ್ಟಿಯ ಚಿತ್ರವನ್ನೂ ಬಿಡಿಸಿಡುವ ತಂತ್ರವಿದೆ. ಆಗ ಆ ಕಿಟಕಿಯನ್ನು ಬ್ರೌಸರಿನ ಅಂಚಿನಾಚೆಗೆ ಎಳೆದು ನೋಡಬೇಕು. ನಿಜವಾದ ಕಿಟಕಿ ಆಚೆ ಬರುತ್ತದೆ, ಚಿತ್ರದ ಕಿಟಕಿ ಪುಟದೊಳಗೇ ಸಿಕ್ಕಿಕೊಳ್ಳುತ್ತದೆ. ಮೊಬೈಲಿನಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಅಲ್ಲಿ ಒಳ್ಳೆಯ ದಾರಿಯೆಂದರೆ ಮುದ್ರೆಯನ್ನು ಒತ್ತುವ ಗೋಜಿಗೇ ಹೋಗದೆ, ಸಂಸ್ಥೆಯ ತಾಣವನ್ನು ತಾವೇ ತೆರೆದು ಅದರ ಹುಡುಕಾಟದಲ್ಲಿ ಅಂಗಡಿಯ ವಿಳಾಸ ಹಾಕುವುದು. ಮೋಸಗಾರನ ಕೊಂಡಿ ಹಿಡಿದು ಹೋದರೆ ಮೋಸಗಾರ ತೋರಿಸಬಯಸಿದ್ದೇ ಕಾಣುತ್ತದೆ.

ಒಂದು ಮಾದರಿ ಪುಟವನ್ನು ಬಿಡಿಸಿ ನೋಡಿದಾಗ

ಕರ್ನಾಟಕದ ಓದುಗರಿಗೆ ಹತ್ತಿರವಾದ ಮಾದರಿಯೊಂದನ್ನು ತೆಗೆದುಕೊಳ್ಳಬಹುದು. ಇದು ವಿವರಣೆಗಾಗಿ ಕಲ್ಪಿಸಿಕೊಂಡ ಪುಟ, ಆದರೆ ಅದರ ಒಂದೊಂದು ಭಾಗವೂ ಇಂಥ ಅಂಗಡಿಗಳಲ್ಲಿ ಮಾಮೂಲು. ಫೇಸ್‌ಬುಕ್‌ನಲ್ಲಿ ಜಾಹೀರಾತು: ‘ಮೈಸೂರು ಸಿಲ್ಕ್ ಸೀರೆ, ಗೋದಾಮು ಖಾಲಿ ಮಾರಾಟ, ₹999’. ಒತ್ತಿದರೆ ಚೆಂದದ ಪುಟ. ಮೇಲೆ ನಿಮಿಷ, ಸೆಕೆಂಡು ಇಳಿಯುವ ಗಡಿಯಾರ. ಸೀರೆಯ ಚಿತ್ರದ ಕೆಳಗೆ ನಾಲ್ಕು ಮುದ್ರೆಗಳು: ನಾರ್ಟನ್ ಟಿಕ್, ‘ಪಿಸಿಐ ಕಂಪ್ಲಯಂಟ್’ ಎಂಬ ಗುರಾಣಿ, ಸಿಲ್ಕ್ ಮಾರ್ಕ್ ಲಾಂಛನ, ‘7 ದಿನದಲ್ಲಿ ಹಣ ವಾಪಸ್’ ಎಂಬ ಬಂಗಾರದ ವೃತ್ತ. ವಿಳಾಸಪಟ್ಟಿಯಲ್ಲಿ https.

ಮೊದಲು https. ಪುಟಕ್ಕೂ ಗಿರಾಕಿಗೂ ನಡುವೆ ಹರಿಯುವ ಮಾಹಿತಿಯನ್ನು ಹಾದಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಕಳಿಸಲಾಗುತ್ತಿದೆ ಎಂಬುದು ಅದರ ಅರ್ಥ. ಆ ತುದಿಯಲ್ಲಿ ಕುಳಿತವನು ಕಳ್ಳನಾಗಿದ್ದರೆ ಮಾಹಿತಿ ಕಳ್ಳನಿಗೆ ಸುರಕ್ಷಿತವಾಗಿ ತಲುಪುತ್ತದೆ. ಹಿಂದೆ ಸರ್ಟಿಫಿಕೇಟ್ ಪಡೆಯಲು ದುಡ್ಡು ಕೊಡಬೇಕಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಎಲ್ಲರಿಗೂ ಅದನ್ನು ಉಚಿತ ಮಾಡಿತು. ಜಾಲದ ಆರೋಗ್ಯಕ್ಕೆ ಅದು ಬಹಳ ಒಳ್ಳೆಯ ಕೆಲಸ, ಆದರೆ ಬೀಗದ ಚಿತ್ರಕ್ಕೆ ಇದ್ದ ಅಷ್ಟಿಷ್ಟು ತೂಕವೂ ಹೋಯಿತು. ಬೀಗ ಕಂಡ ಮಾತ್ರಕ್ಕೆ ತಾಣವನ್ನು ನಂಬಬೇಡಿ ಎಂದು ಅಮೆರಿಕದ ಎಫ್‌ಬಿಐ 2019ರಲ್ಲಿ ಎಚ್ಚರಿಸಿತು. ಮೋಸದ ತಾಣಗಳಲ್ಲೂ ಬಹುಪಾಲು https ಬಳಸುತ್ತಿರುವುದರಿಂದ 2023ರ ಸೆಪ್ಟೆಂಬರಿನಲ್ಲಿ ಗೂಗಲ್ ಕ್ರೋಮ್ ವಿಳಾಸಪಟ್ಟಿಯ ಬೀಗದ ಗುರುತನ್ನೇ ತೆಗೆದುಹಾಕಿತು. ಬ್ರೌಸರು ಕೈಬಿಟ್ಟ ಬೀಗವನ್ನು ಅಂಗಡಿಗಳು ತಮ್ಮ ಪುಟದೊಳಗೆ ಬಿಡಿಸಿಕೊಂಡಿರುವುದು ವಿಚಿತ್ರ. ವಿಳಾಸಪಟ್ಟಿಯ ಕೆಳಗೆ, ಪುಟದ ಒಳಗೆ ಕಾಣುವ ಯಾವ ಬೀಗವೂ ಅಂಗಡಿಯವನು ಬರೆದ ಚಿತ್ರವೇ.

ನಾರ್ಟನ್ ಟಿಕ್ ಒತ್ತಿದರೆ ಏನೂ ಆಗುವುದಿಲ್ಲ. ಆ ಮುದ್ರೆಯ ಚರಿತ್ರೆ ಮೇಲೆಯೇ ಬಂದಿದೆ. ‘ಪಿಸಿಐ’ ಗುರಾಣಿ ಇನ್ನೂ ಕುತೂಹಲದ್ದು. ಕಾರ್ಡ್ ಮಾಹಿತಿಯನ್ನು ಹೇಗೆ ಕಾಪಾಡಬೇಕು ಎಂಬ ಪಿಸಿಐ ಡಿಎಸ್ಎಸ್ ಮಾನದಂಡ ನಿಜವಾಗಿಯೂ ಇದೆ, ಅದನ್ನು ನೋಡಿಕೊಳ್ಳುವ ಮಂಡಳಿಯೂ ಇದೆ. ಆದರೆ ಆ ಮಂಡಳಿ ಅಂಗಡಿಗಳು ಪುಟದಲ್ಲಿ ಹಾಕಿಕೊಳ್ಳಲೆಂದು ಅಂಥ ಮುದ್ರೆ ಕೊಡುವುದಿಲ್ಲ. ಭಾರತದ ಸಣ್ಣ ಅಂಗಡಿಗಳಲ್ಲಿ ಕಾರ್ಡ್ ಸಂಖ್ಯೆಯನ್ನು ಸಾಮಾನ್ಯವಾಗಿ ಪೇಮೆಂಟ್ ಗೇಟ್‌ವೇ ಕಂಪನಿ ತನ್ನ ಪುಟದಲ್ಲಿ ಪಡೆಯುತ್ತದೆ. ಮಾನದಂಡದ ಮುಖ್ಯ ಹೊರೆ ಅದರ ಮೇಲಿರುತ್ತದೆ. ಅಂಗಡಿಯವನು ಸೀರೆ ಕಳಿಸುತ್ತಾನೋ ಇಲ್ಲವೋ ಎಂಬುದಕ್ಕೆ ಇದು ಸಂಬಂಧಪಟ್ಟ ವಿಷಯವೇ ಅಲ್ಲ.

ಸಿಲ್ಕ್ ಮಾರ್ಕ್ ವಿಚಾರದಲ್ಲಿ ನಕಲು ಬೇರೊಂದು ದಾರಿ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಈ ಗುರುತು ಆರಂಭವಾಯಿತು. ಅದು ಸೀರೆಗೆ ಕಟ್ಟುವ ಚೀಟಿ. ಹೊಲೊಗ್ರಾಮ್ ಇರುತ್ತದೆ, ಒಂದೊಂದು ಚೀಟಿಗೂ ಬೇರೆ ಬೇರೆ ಸಂಖ್ಯೆ ಇರುತ್ತದೆ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಮಾತ್ರ ಅದನ್ನು ಕಟ್ಟಬಹುದು. ಸರಕಿಗೆ ಅಂಟಿದ ಗುರುತನ್ನು ಪುಟಕ್ಕೆ ಎತ್ತಿ ಹಾಕಿದಾಗ ಸಂಖ್ಯೆ ಕಳಚಿಹೋಗುತ್ತದೆ, ಲಾಂಛನ ಮಾತ್ರ ಉಳಿಯುತ್ತದೆ. ಅಂಗಡಿಯ ಪುಟದಲ್ಲಿನ ಲಾಂಛನದಿಂದ ಈ ಸೀರೆ ರೇಷ್ಮೆಯದೆಂದು ತಿಳಿಯಲು ಮಾರ್ಗವಿಲ್ಲ. ಮೈಸೂರು ರೇಷ್ಮೆ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಅದನ್ನು ನೇಯುವ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಸೀರೆಗಳ ಮೇಲೂ ಗುರುತಿನ ಸಂಖ್ಯೆ ಇರುತ್ತದೆ. ಅಂಥ ಸೀರೆ ₹999ಕ್ಕೆ ಸಿಗುವ ಸಂಭವವೇ ಇಲ್ಲವಾದ್ದರಿಂದ, ನಿಜ ಹೇಳಬೇಕೆಂದರೆ, ಮುದ್ರೆಗಳನ್ನು ನೋಡುವ ಮೊದಲೇ ಈ ಅಂಗಡಿಯ ಕಥೆ ಮುಗಿದಿತ್ತು. ಮುದ್ರೆಗಳ ಕೆಲಸವೇ ಆ ಮೊದಲ ಅನುಮಾನವನ್ನು ಸಮಾಧಾನಪಡಿಸುವುದು.

ಇನ್ನು ಪುಟದ ತಳ. ಕಾನೂನು ಪ್ರಕಾರ ಇರಬೇಕಾದ ಅಂಗಡಿಯ ಪೂರ್ಣ ಹೆಸರು, ಕಚೇರಿ ವಿಳಾಸ, ದೂರವಾಣಿ, ಕುಂದುಕೊರತೆ ಅಧಿಕಾರಿಯ ಹೆಸರು ಯಾವುದೂ ಇಲ್ಲ. ಒಂದು ಜಿಮೇಲ್ ವಿಳಾಸ ಇದೆ. ಒಂದು ಜಿಎಸ್‌ಟಿ ಸಂಖ್ಯೆಯೂ ಇದೆ. ಇದು ನಿಜವಾಗಿ ಉಪಯೋಗಕ್ಕೆ ಬರುವ ಸುಳಿವು, ಏಕೆಂದರೆ ಜಿಎಸ್‌ಟಿ ಸಂಖ್ಯೆಯ ಹಿಂದೆ ಯಾರು ಬೇಕಾದರೂ ತೆರೆದು ನೋಡಬಹುದಾದ ಸರ್ಕಾರಿ ದಾಖಲೆ ಇದೆ. ಅದರಲ್ಲಿ 15 ಅಕ್ಷರ-ಅಂಕಿಗಳು. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ವ್ಯಾಪಾರಿಯ ಪ್ಯಾನ್. ‘ಬೆಂಗಳೂರಿನ ಹೆಮ್ಮೆಯ ಅಂಗಡಿ’ ಎಂದು ಬರೆದುಕೊಂಡವರ ಸಂಖ್ಯೆ 29ರಿಂದ ಶುರುವಾಗದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ. gst.gov.in ತಾಣದಲ್ಲಿ ಸಂಖ್ಯೆ ಹಾಕಿದರೆ ವ್ಯಾಪಾರಿಯ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಬರುತ್ತದೆ. ಕದ್ದ ಸಂಖ್ಯೆಯಾದರೆ ಸಿಮೆಂಟ್ ವ್ಯಾಪಾರಿಯ ಹೆಸರೋ ಟ್ರಾವೆಲ್ಸ್‌ನವರ ಹೆಸರೋ ಬರುವ ಸಾಧ್ಯತೆ ಹೆಚ್ಚು. ಇಲ್ಲಿಯೂ ನಿಯಮ ಹಿಂದಿನದೇ: ಸಂಖ್ಯೆ ಅಸಲಿಯಾದರೆ ಸಾಲದು, ಅದು ಇವರದಾಗಿರಬೇಕು.

ಡೊಮೇನಿನ ವಯಸ್ಸನ್ನು lookup.icann.org ತಾಣದಲ್ಲಿ ನೋಡಬಹುದು. ಮೂರು ವಾರದ ಹಿಂದೆ ನೋಂದಾಯಿಸಿದ ಹೆಸರಿನ ಮೇಲೆ ‘1998ರಿಂದ ನಿಮ್ಮ ಸೇವೆಯಲ್ಲಿ’ ಎಂದಿದ್ದರೆ ಅರ್ಥ ಸ್ಪಷ್ಟ. ಆದರೆ ಹಳೆಯ ಡೊಮೇನ್ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. 2024ರ ಮೇ ತಿಂಗಳಲ್ಲಿ ಜರ್ಮನಿಯ ಎಸ್ಆರ್ ಲ್ಯಾಬ್ಸ್ ಎಂಬ ಭದ್ರತಾ ಸಂಶೋಧನಾ ಸಂಸ್ಥೆ ‘ಬೋಗಸ್‌ಬಜಾರ್’ ಎಂದು ಹೆಸರಿಟ್ಟು ಒಂದು ಜಾಲವನ್ನು ಬಯಲಿಗೆಳೆಯಿತು. 75,000ಕ್ಕೂ ಹೆಚ್ಚು ಡೊಮೇನುಗಳಲ್ಲಿ ನಕಲಿ ಅಂಗಡಿಗಳು, 2021ರಿಂದ ಎಂಟೂವರೆ ಲಕ್ಷಕ್ಕೂ ಹೆಚ್ಚು ಆರ್ಡರುಗಳು. ಬಲಿಯಾದವರು ಹೆಚ್ಚಾಗಿ ಪಶ್ಚಿಮ ಯುರೋಪ್ ಮತ್ತು ಅಮೆರಿಕದವರು. ಆ ಜಾಲದವರು ಅವಧಿ ಮುಗಿದು ಬಿಟ್ಟುಹೋದ, ಗೂಗಲ್‌ನಲ್ಲಿ ಒಳ್ಳೆಯ ಹೆಸರಿದ್ದ ಹಳೆಯ ಡೊಮೇನುಗಳನ್ನೇ ಆರಿಸಿ ಕೊಳ್ಳುತ್ತಿದ್ದರು. ಅಂಗಡಿಯ ಮುಂಭಾಗ ಒಂದು ಕಡೆ, ಹಣ ಪಡೆಯುವ ಪುಟ ಇನ್ನೊಂದು ಕಡೆ ಇಟ್ಟು, ಹಣದ ಪುಟ ಸಿಕ್ಕಿಬಿದ್ದರೆ ಅಂಗಡಿಯನ್ನು ಮುಟ್ಟದೆ ಅದನ್ನಷ್ಟೇ ಬದಲಿಸುತ್ತಿದ್ದರು. ಕೇಂದ್ರ ತಂಡವೊಂದು ಸಾಫ್ಟ್‌ವೇರ್ ಮತ್ತು ಸರ್ವರುಗಳನ್ನು ನೋಡಿಕೊಂಡರೆ, ಫ್ರಾಂಚೈಸಿ ಪದ್ಧತಿಯಲ್ಲಿ ಉಳಿದವರು ಅಂಗಡಿಗಳನ್ನು ನಡೆಸುತ್ತಿದ್ದರು. ಅಚ್ಚು ಒಂದಿದ್ದು ಅಂಗಡಿ ಸಾವಿರ ಇದ್ದಾಗ ಮುದ್ರೆಯ ಚಿತ್ರವನ್ನು ಕದಿಯುವ ಖರ್ಚು ಒಂದೊಂದು ಅಂಗಡಿಗೆ ಶೂನ್ಯಕ್ಕೆ ಇಳಿಯುತ್ತದೆ.

ಕಡೆಗೆ ಹಣ. ಯುಪಿಐ ಮೂಲಕ ಕಟ್ಟುವಾಗ ಆ್ಯಪ್ ತೋರಿಸುವ, ಹಣ ಪಡೆಯುವವರ ಬ್ಯಾಂಕ್ ಖಾತೆಯ ಹೆಸರು ಅಂಗಡಿಯದೋ ಗೇಟ್‌ವೇಯದೋ ಆಗದೆ ಯಾರೋ ವ್ಯಕ್ತಿಯದಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಇಡೀ ವಹಿವಾಟಿನಲ್ಲಿ ಮೋಸಗಾರ ತಾನೇ ಬರೆಯಲಾಗದ ಸಾಲು ಅದೊಂದೇ. ‘ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ, ಹೆದರಿಕೆ ಏಕೆ’ ಎನ್ನುವುದೂ ತಪ್ಪು ಲೆಕ್ಕ. ಕೊರಿಯರ್ ಹುಡುಗ ಹಣ ಕೊಟ್ಟ ಮೇಲೆಯೇ ಪೊಟ್ಟಣ ಕೈಗೆ ಕೊಡುತ್ತಾನೆ. ಒಳಗೆ ಪಾಲಿಯೆಸ್ಟರ್ ತುಂಡು ಇದ್ದರೆ ಅವನ ಹತ್ತಿರ ವಾದಿಸಿ ಫಲವಿಲ್ಲ, ಅವನು ಸಾಗಿಸುವವನಷ್ಟೇ.

ಅಸಲಿ ಮುದ್ರೆಯೂ ಪೊಳ್ಳಾದಾಗ

ನಕಲಿಯನ್ನು ಬೈಯುವಾಗ ಅಸಲಿ ಗಟ್ಟಿಯೆಂದು ಊಹಿಸಿಕೊಳ್ಳುತ್ತೇವೆ. ಈ ಊಹೆಗೆ ದಾಖಲೆಗಳು ಅಷ್ಟಾಗಿ ಒಪ್ಪುವುದಿಲ್ಲ. ಕಂಟ್ರೋಲ್‌ಸ್ಕ್ಯಾನ್ ಎಂಬ ಕಂಪನಿ ‘ಖಾಸಗಿತನ ಪರಿಶೀಲಿಸಲಾಗಿದೆ’, ‘ವ್ಯಾಪಾರದ ಹಿನ್ನೆಲೆ ಪರಿಶೀಲಿಸಲಾಗಿದೆ’ ಎಂಬ ಮುದ್ರೆಗಳನ್ನು ಮಾರುತ್ತಿತ್ತು. ಮುದ್ರೆಯ ಮೇಲೆ ಪ್ರತಿದಿನ ಆ ದಿನದ ತಾರೀಖು ಮೂಡುತ್ತಿತ್ತು. ಕೆಲವು ಮುದ್ರೆಗಳ ಹಿಂದೆ ಪರಿಶೀಲನೆಯೇ ಇಲ್ಲದಿದ್ದಂತಾಗಿತ್ತು, ತಾರೀಖು ಮಾತ್ರ ತಪ್ಪದೆ ಬದಲಾಗುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ 2010ರಲ್ಲಿ ಪ್ರಕರಣವನ್ನು ಇತ್ಯರ್ಥ ಮಾಡಿತು. ಈ ಕ್ಷೇತ್ರದ ಹಿರಿಯ ಹೆಸರಾದ ಟ್ರಸ್ಟ್‌-ಇ ಕೂಡ ತಪ್ಪಿಸಿಕೊಳ್ಳಲಿಲ್ಲ. ಪ್ರತಿವರ್ಷ ಮರುಪರಿಶೀಲನೆ ಮಾಡುತ್ತೇವೆ ಎಂದು ಹೇಳಿಕೊಂಡು, 2006ರಿಂದ 2013ರವರೆಗೆ ಸಾವಿರಕ್ಕೂ ಹೆಚ್ಚು ಸಂದರ್ಭಗಳಲ್ಲಿ ಮಾಡಿರಲಿಲ್ಲ ಎಂಬ ಆರೋಪದ ಮೇಲೆ 2014ರಲ್ಲಿ ಅದೇ ಕಮಿಷನ್ ಮುಂದೆ 2 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಸಂಸ್ಥೆ ಈಗ ಟ್ರಸ್ಟ್‌ಆರ್ಕ್ ಎಂಬ ಹೆಸರಿನಲ್ಲಿದೆ.

ಇದಕ್ಕಿಂತ ಕಟುವಾದ ಮಾತನ್ನು ಸಂಶೋಧಕ ಬೆಂಜಮಿನ್ ಎಡೆಲ್ಮನ್ ಹೇಳಿದರು. ಟ್ರಸ್ಟ್‌-ಇ ಮುದ್ರೆ ಇದ್ದ ತಾಣಗಳು ಮುದ್ರೆ ಇಲ್ಲದವಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ನಂಬಿಕೆಗೆ ಅನರ್ಹವಾಗಿದ್ದವು ಎಂದು ಅವರ ಅಧ್ಯಯನ ತೋರಿಸಿತು. ಕಾರಣ ಯೋಚಿಸಿದರೆ ಸರಳ. ಹೆಸರಿರುವ ಅಂಗಡಿಗೆ ಮುದ್ರೆಯ ಹಂಗು ಬೇಡ. ಹೆಸರಿಲ್ಲದವರಿಗೆ, ಅದರಲ್ಲೂ ಹೆಸರು ಕೆಟ್ಟವರಿಗೆ ಅದು ಬೇಕು. ಮುದ್ರೆ ಕೊಡುವ ಸಂಸ್ಥೆಗೆ ಹಣ ಕೊಡುವವರೂ ಅವರೇ. ಪರೀಕ್ಷೆ ಬಿಗಿಯಾದರೆ ಗಿರಾಕಿ ಕಡಿಮೆ, ಸಡಿಲವಾದರೆ ಜಾಸ್ತಿ.

ಭದ್ರತಾ ಸ್ಕ್ಯಾನ್ ಮಾಡುವ ಸೀಲುಗಳಲ್ಲಿ ಮತ್ತೊಂದು ವಿಪರೀತ ಕಂಡುಬಂತು. 2014ರಲ್ಲಿ ಬೆಲ್ಜಿಯಂ ಮತ್ತು ಅಮೆರಿಕದ ಸಂಶೋಧಕರು ಹತ್ತು ಸೀಲು ಕಂಪನಿಗಳನ್ನು ಪರೀಕ್ಷಿಸಿದರು. ಸೀಲು ಪಡೆದ ತಾಣಗಳಲ್ಲೂ ಸುಲಭದ ದೋಷಗಳು ಉಳಿದಿದ್ದವು. ಅಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ದೋಷ ಸಿಕ್ಕಾಗ ಕೆಲವು ಕಂಪನಿಗಳು ಸೀಲನ್ನು ಅದೃಶ್ಯ ಮಾಡುತ್ತವಲ್ಲ, ಆ ಅದೃಶ್ಯವೇ ದಾಳಿಕೋರರಿಗೆ ಸುದ್ದಿ ಎಂದು ಅವರು ತೋರಿಸಿದರು. ನಿನ್ನೆ ಇದ್ದ ಸೀಲು ಇಂದು ಕಾಣದಿದ್ದರೆ ಅಲ್ಲಿ ಹೊಸ ತೂತು ಬಿದ್ದಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಕದ್ದ ಚಿತ್ರ ಮಾತ್ರ ಎಂದೂ ಮಾಯವಾಗುವುದಿಲ್ಲ.

ಎಲ್ಲ ಮುದ್ರೆಗಳನ್ನೂ ಒಂದೇ ಕಸದಬುಟ್ಟಿಗೆ ಹಾಕುವುದು ಸರಿಯಲ್ಲ. ಗಿರಾಕಿ ಕೇಳುವ ಪ್ರಶ್ನೆ ಒಂದೇ: ಸಾಮಾನು ಬರದಿದ್ದರೆ ನನ್ನ ದುಡ್ಡು ಯಾರು ಕೊಡುತ್ತಾರೆ? ಸರ್ಟಿಫಿಕೇಟ್ ಸೀಲು ಗೂಢಲಿಪಿಯ ಬಗ್ಗೆ ಹೇಳುತ್ತದೆ, ಖಾಸಗಿತನದ ಸೀಲು ಮಾಹಿತಿಯ ಬಗ್ಗೆ ಹೇಳುತ್ತದೆ, ಸ್ಕ್ಯಾನ್ ಸೀಲು ಸರ್ವರಿನ ಬಗ್ಗೆ ಹೇಳುತ್ತದೆ. 1999ರಲ್ಲಿ ಕೊಲೋನ್‌ನಲ್ಲಿ ಆರಂಭವಾದ ಟ್ರಸ್ಟೆಡ್ ಶಾಪ್ಸ್‌ನಂಥ ಕೆಲವೇ ಯೋಜನೆಗಳು ಮುದ್ರೆಯ ಜೊತೆಗೆ ಹಣ ವಾಪಸಿನ ಹೊಣೆಯನ್ನೂ ಹೊತ್ತುಕೊಳ್ಳುತ್ತವೆ. ಕೈಯಿಂದ ಹಣ ಹೋಗುವ ಭಯವಿರುವ ಸಂಸ್ಥೆ ಸದಸ್ಯರನ್ನು ಸೇರಿಸಿಕೊಳ್ಳುವಾಗ ತಾನಾಗಿಯೇ ಬಿಗಿಯಾಗುತ್ತದೆ.

ಕಾನೂನು ಮತ್ತು ದೂರು

ಯುರೋಪಿಯನ್ ಒಕ್ಕೂಟದಲ್ಲಿ ವಿಷಯ ನೇರವಾಗಿದೆ. ಅನ್ಯಾಯದ ವ್ಯಾಪಾರ ಪದ್ಧತಿಗಳ ಕುರಿತ 2005ರ ನಿರ್ದೇಶನದ ಅನುಬಂಧದಲ್ಲಿ, ಯಾವ ಸಂದರ್ಭದಲ್ಲೂ ನಿಷಿದ್ಧವಾದ ಪದ್ಧತಿಗಳ ಪಟ್ಟಿಯ ಎರಡನೆಯ ಸಾಲೇ ಇದು: ಅನುಮತಿ ಪಡೆಯದೆ ವಿಶ್ವಾಸಮುದ್ರೆ ಅಥವಾ ಗುಣಮುದ್ರೆ ಪ್ರದರ್ಶಿಸುವುದು. ಗಿರಾಕಿ ಮೋಸಹೋದನೆಂದು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ.

ಭಾರತದಲ್ಲಿ ಇದೇ ಅಪರಾಧ ಹಲವು ಕಾನೂನುಗಳಲ್ಲಿ ಹಂಚಿಹೋಗಿದೆ. ಬೇರೆಯವರ ಟ್ರೇಡ್‌ಮಾರ್ಕನ್ನು ಸುಳ್ಳಾಗಿ ಬಳಸುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಶಿಕ್ಷಾರ್ಹ. ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. ಅದರಡಿ ಬಂದ 2020ರ ಇ-ಕಾಮರ್ಸ್ ನಿಯಮಗಳು ಅಂಗಡಿಯ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಪುಟದಲ್ಲಿ ಇರಬೇಕೆನ್ನುತ್ತವೆ. ದೂರು ಬಂದ 48 ಗಂಟೆಗಳಲ್ಲಿ ಆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರಿನಲ್ಲಿ ಹೊರಬಿದ್ದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ಸುಳ್ಳು ಆತುರ ಹುಟ್ಟಿಸುವುದನ್ನು, ಅಂದರೆ ಆ ಇಳಿಯುವ ಗಡಿಯಾರದಂಥವನ್ನು ಹೆಸರಿಸಿ ನಿಷೇಧಿಸಿವೆ. ಈ ನಿಯಮಗಳೆಲ್ಲ ವಿಳಾಸ ಇರುವ ವ್ಯಾಪಾರಿಯನ್ನು ಹಿಡಿಯಲು ಸಾಕು. ಹೊರದೇಶದ ಸರ್ವರಿನಲ್ಲಿ ಕುಳಿತು ಎರಡು ವಾರಕ್ಕೊಮ್ಮೆ ಹೆಸರು ಬದಲಿಸುವವನಿಗೆ ನೋಟಿಸು ತಲುಪಿಸುವುದೇ ಕಷ್ಟ.

ಹಣ ಹೋದವರಿಗೆ ಸಮಯವೇ ಮುಖ್ಯ. 1930 ಸಂಖ್ಯೆಗೆ ಕರೆ ಮಾಡಿ ಅಥವಾ cybercrime.gov.in ತಾಣದಲ್ಲಿ ದೂರು ಕೊಟ್ಟರೆ, ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮುನ್ನ ತಡೆಹಿಡಿಯುವ ಅವಕಾಶ ಇರುತ್ತದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಸಾಮಾನು ಬಂದಿಲ್ಲವೆಂದು ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ ಕೊಡಬಹುದು. ನೋಂದಾಯಿತ ವ್ಯಾಪಾರಿಯ ವಿರುದ್ಧವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ದೂರು ಕೊಡುವ ಮುಂಚೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು: ವಿಳಾಸಪಟ್ಟಿ ಪೂರ್ತಿ ಕಾಣುವಂತೆ, ಮುದ್ರೆಗಳ ಸಾಲು ಬರುವಂತೆ, ಜಾಹೀರಾತು ಬಂದ ಖಾತೆಯ ಹೆಸರು, ಯುಪಿಐ ವಹಿವಾಟಿನ ಸಂಖ್ಯೆ ಸಹಿತ. ಮುದ್ರೆಯ ನಿಜವಾದ ಒಡೆಯರಿಗೂ ಅದೇ ಚಿತ್ರವನ್ನು ಕಳಿಸುವುದು ಒಳ್ಳೆಯದು. ತಮ್ಮ ಟ್ರೇಡ್‌ಮಾರ್ಕ್ ದುರುಪಯೋಗವಾಗಿದೆ ಎಂದು ಒಡೆಯರೇ ಹೋಸ್ಟಿಂಗ್ ಕಂಪನಿಗೆ ಬರೆದರೆ ಪುಟ ಇಳಿಯುವ ಸಾಧ್ಯತೆ, ಒಬ್ಬ ಗಿರಾಕಿಯ ದೂರಿಗಿಂತ, ಬಹಳ ಹೆಚ್ಚು.